ರಮಝಾನಿನ ಘೋಷಣೆ ಮತ್ತು ಅದರೊಳಗಿನ ರಿಯಾಯಿತಿ: ಮದೀನಾದಿಂದ ಚಿನ್ನದ ಗಣಿಯವರೆಗೆ



ಶಅಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ದಿನದ ಸಂಜೆ ನಮ್ಮ ಊರುಗಳ ಮಸೀದಿಯಂಗಳದಲ್ಲಿ ಜನರು ಪಶ್ಚಿಮದ ಆಕಾಶವನ್ನು ನೋಡುತ್ತ ನಿಲ್ಲುತ್ತಾರೆ. ಚಂದ್ರದರ್ಶನದ ಸುದ್ದಿ ಖಚಿತವಾದೊಡನೆ ಧ್ವನಿವರ್ಧಕದಲ್ಲಿ ಘೋಷಣೆಯಾಗುತ್ತದೆ. ನಾಳೆ ಮೊದಲ ಉಪವಾಸ, ಇಂದು ರಾತ್ರಿಯಿಂದ ತರಾವೀಹ್, ಸಹರಿಯ ಕೊನೆಯ ಸಮಯ ಇಷ್ಟು, ಇಫ್ತಾರಿನ ಸಮಯ ಇಷ್ಟು. ಅಲ್ಲಿಗೆ ಪ್ರಕಟಣೆ ಮುಗಿಯುತ್ತದೆ. ರೋಗಿಗಳು, ವೃದ್ಧರು, ಗರ್ಭಿಣಿಯರು ಏನು ಮಾಡಬೇಕೆಂಬ ಮಾತು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯಾರಾದರೂ ಬಂದು ಕೇಳಿದರೆ ಹೇಳುತ್ತೇವೆ. ಕೇಳಲು ಸಂಕೋಚಪಡುವವರು ಕೇಳದೆಯೇ ಉಳಿಯುತ್ತಾರೆ.

ಆದರೆ ಉಪವಾಸವನ್ನು ಮೊದಲು ಘೋಷಿಸಿದ ಕಾಲದ ಇತಿಹಾಸವನ್ನು ಓದಿದರೆ, ಆದೇಶವೂ ರಿಯಾಯಿತಿಯೂ ಒಟ್ಟಿಗೇ ಬಂದಿರುವುದು ಕಾಣುತ್ತದೆ. ಆ ಇತಿಹಾಸವನ್ನು ಮತ್ತು ನಮ್ಮ ಕೋಲಾರ ಚಿನ್ನದ ಗಣಿ, ಬಂಗಾರಪೇಟೆಗಳ ಮನೆಗಳಲ್ಲಿ ಅದು ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲ ಘೋಷಣೆಗಳು

ರಮಝಾನ್ ಉಪವಾಸ ಕಡ್ಡಾಯವಾಗುವ ಮೊದಲೇ ಮದೀನಾದಲ್ಲಿ ಉಪವಾಸದ ಸಾರ್ವಜನಿಕ ಘೋಷಣೆಯೊಂದು ನಡೆದಿತ್ತು. ಮುಹರ್ರಮ್ ಹತ್ತನೆಯ ದಿನವಾದ ಆಶೂರಾದಂದು ಪ್ರವಾದಿ(ಸ)ರು ಅಸ್ಲಮ್ ಗೋತ್ರದ ಒಬ್ಬರನ್ನು ಜನರ ನಡುವೆ ಸಾರಿ ಹೇಳಲು ಕಳುಹಿಸಿದರು. ಈಗಾಗಲೇ ಊಟ ಮಾಡಿದವರು ದಿನದ ಉಳಿದ ಭಾಗದಲ್ಲಿ ತಿನ್ನದಿರಲಿ, ಊಟ ಮಾಡದವರು ಉಪವಾಸವನ್ನು ಮುಂದುವರಿಸಲಿ ಎಂಬುದು ಅದರ ಸಾರ. ಸಲಮಾ ಬಿನ್ ಅಕ್ವಅ್(ರ) ಅವರಿಂದ ಬುಖಾರಿಯಲ್ಲಿ ಬಂದ ವರದಿಯಿದು. ಬೆಳಗ್ಗೆ ಉಂಡವರು ಏಕೆ ಉಂಡರೆಂದು ಯಾರೂ ವಿಚಾರಿಸಲಿಲ್ಲ, ಯಾರನ್ನೂ ಗದರಿಸಲಿಲ್ಲ. ಜನರು ಯಾವ ಸ್ಥಿತಿಯಲ್ಲಿದ್ದರೋ ಆ ಸ್ಥಿತಿಯಿಂದಲೇ ಅವರಿಗೆ ದಾರಿ ತೋರಿಸಲಾಯಿತು.

ಹಿಜರಿ ಎರಡನೆಯ ವರ್ಷದ ಶಅಬಾನಿನಲ್ಲಿ ರಮಝಾನ್ ಉಪವಾಸದ ಆದೇಶ ಅವತೀರ್ಣವಾಯಿತು. ಸೂರಾ ಅಲ್ ಬಕರದ 183ರಿಂದ 187ರವರೆಗಿನ ವಚನಗಳನ್ನು ಒಟ್ಟಿಗೆ ಓದಿದರೆ ಅವುಗಳ ಜೋಡಣೆ ಗಮನ ಸೆಳೆಯುತ್ತದೆ. 183ನೆಯ ವಚನ ಉಪವಾಸವನ್ನು ಕಡ್ಡಾಯಗೊಳಿಸುತ್ತದೆ. ಅದರ ಮರುವಚನವೇ ರೋಗಿ ಮತ್ತು ಪ್ರಯಾಣಿಕರಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ಅವಕಾಶ ಕೊಡುತ್ತದೆ. 185ನೆಯ ವಚನವು ರಮಝಾನ್ ತಿಂಗಳನ್ನು ಹೆಸರಿಸಿ, ಅದೇ ರಿಯಾಯಿತಿಯನ್ನು ಎರಡನೆಯ ಬಾರಿ ಹೇಳುತ್ತದೆ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನು ಬಯಸುವುದಿಲ್ಲ ಎಂಬ ಆಶಯದ ಮಾತು ಬರುವುದೂ ಇದೇ ವಚನದಲ್ಲಿ. ಕೇವಲ ಮೂರು ವಚನಗಳ ಅಂತರದಲ್ಲಿ ರೋಗಿಯ ಹೆಸರು ಎರಡು ಬಾರಿ ಬಂದಿದೆ.

ಈ ಆದೇಶ ಬಂದ ಹೊಸತರಲ್ಲಿ ಉಪವಾಸ ಇಂದಿನದಕ್ಕಿಂತ ಕಠಿಣವಾಗಿತ್ತು. ಸೂರ್ಯಾಸ್ತದ ನಂತರ ಉಣ್ಣುವ ಮೊದಲೇ ನಿದ್ರೆ ಬಂದುಬಿಟ್ಟರೆ, ಮರುದಿನ ಸಂಜೆಯವರೆಗೆ ಏನನ್ನೂ ತಿನ್ನುವಂತಿರಲಿಲ್ಲ. ಅನ್ಸಾರಿಗಳಲ್ಲಿ ಕೈಸ್ ಬಿನ್ ಸಿರ್ಮಾ(ರ) ಎಂಬ ದುಡಿಯುವ ಮನುಷ್ಯರಿದ್ದರು. ದಿನವಿಡೀ ದುಡಿದು, ಉಪವಾಸ ಮುರಿಯುವ ಹೊತ್ತಿಗೆ ಮನೆಗೆ ಬಂದು ಪತ್ನಿಯಲ್ಲಿ ಊಟ ಕೇಳಿದರು. ಮನೆಯಲ್ಲಿ ಏನೂ ಇರಲಿಲ್ಲ. ಆಕೆ ಹುಡುಕಿ ತರುವಷ್ಟರಲ್ಲಿ ದಣಿದಿದ್ದ ಅವರಿಗೆ ಕಣ್ಣು ಹತ್ತಿಬಿಟ್ಟಿತ್ತು. ಮರಳಿದ ಪತ್ನಿ ಅವರನ್ನು ಕಂಡು ಮರುಗಿದರು. ಮರುದಿನ ಹಾಗೆಯೇ ಉಪವಾಸ ಮುಂದುವರಿಸಿದ ಅವರು ನಡುಹಗಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಸುದ್ದಿ ಪ್ರವಾದಿ(ಸ)ರಿಗೆ ತಲುಪಿತು. ಆಗ ಅವತೀರ್ಣವಾದದ್ದು 187ನೆಯ ವಚನ. ಪ್ರಭಾತದ ಬಿಳಿಗೆರೆ ಸ್ಪಷ್ಟವಾಗುವವರೆಗೆ ರಾತ್ರಿಯಿಡೀ ಉಣ್ಣುವ, ಕುಡಿಯುವ ಅನುಮತಿ ದೊರೆಯಿತು. ಬರಾ ಬಿನ್ ಆಝಿಬ್(ರ) ಹೇಳಿದ ಈ ಘಟನೆಯೂ ಬುಖಾರಿಯಲ್ಲಿದೆ. ಇಂದು ನಾವು ನಸುಕಿನಲ್ಲಿ ಎದ್ದು ಸಹರಿ ಉಣ್ಣುವಾಗ, ಒಬ್ಬ ಶ್ರಮಿಕನ ಬಳಲಿಕೆಯ ಸಂದರ್ಭದಲ್ಲಿ ಇಳಿದು ಬಂದ ರಿಯಾಯಿತಿಯನ್ನೇ ಉಣ್ಣುತ್ತಿದ್ದೇವೆ.

ವೃದ್ಧರ ಕುರಿತು ಸಹಾಬಿಗಳ ಚರ್ಚೆ

184ನೆಯ ವಚನದ ಕೊನೆಯ ಭಾಗದಲ್ಲಿ, ಉಪವಾಸಕ್ಕೆ ಬದಲಾಗಿ ಒಬ್ಬ ಬಡವನಿಗೆ ಊಟ ಕೊಡುವ ಪ್ರಸ್ತಾಪವಿದೆ. ಇದು ಯಾರಿಗೆ ಎಂಬ ಬಗ್ಗೆ ಸಹಾಬಿಗಳಲ್ಲಿಯೇ ಎರಡು ವಿವರಣೆಗಳಿದ್ದವು. ಸಲಮಾ ಬಿನ್ ಅಕ್ವಅ್(ರ) ಮತ್ತು ಇಬ್ನು ಉಮರ್(ರ) ಹೇಳುವಂತೆ, ಆರಂಭದಲ್ಲಿ ಇಷ್ಟವಿದ್ದವರು ಉಪವಾಸ ಹಿಡಿಯುವ, ಉಳಿದವರು ಬಡವರಿಗೆ ಉಣಿಸುವ ಆಯ್ಕೆ ಎಲ್ಲರಿಗೂ ಇತ್ತು. 185ನೆಯ ವಚನ ಬಂದ ಮೇಲೆ ಆರೋಗ್ಯವಂತರ ಪಾಲಿಗೆ ಆ ಆಯ್ಕೆ ರದ್ದಾಯಿತು. ಇಬ್ನು ಅಬ್ಬಾಸ್(ರ) ಅವರ ಪ್ರಕಾರ ಆ ಭಾಗ ರದ್ದಾಗಿಲ್ಲ. ಉಪವಾಸ ಹಿಡಿಯಲು ಶಕ್ತಿಯಿಲ್ಲದ ಮುದುಕ ಮತ್ತು ಮುದುಕಿಗಾಗಿ ಅದು ಇಂದಿಗೂ ಜಾರಿಯಲ್ಲಿದೆ.

ವಿವರಣೆ ಬೇರೆಯಾದರೂ ಹನಫಿ ಮತ್ತು ಶಾಫಿ ಮದ್‌ಹಬ್‌ಗಳೆರಡೂ ತಲುಪಿದ ನಿಲುವು ಒಂದೇ. ಉಪವಾಸ ಹಿಡಿಯಲಾಗದಷ್ಟು ವೃದ್ಧರಾದವರು ದಿನಕ್ಕೊಬ್ಬ ಬಡವನಂತೆ ಫಿದ್ಯಾ ಕೊಡಬೇಕು. ಇದಕ್ಕೆ ಅತ್ಯಂತ ಸುಂದರ ಉದಾಹರಣೆ ಅನಸ್ ಬಿನ್ ಮಾಲಿಕ್(ರ). ಬಾಲ್ಯದಲ್ಲೇ ಪ್ರವಾದಿ(ಸ)ರ ಸೇವೆಗೆ ಸೇರಿದ್ದ ಅವರು ದೀರ್ಘಾಯುಷಿಗಳಾಗಿ ಬಸರಾದಲ್ಲಿ ನೆಲೆಸಿದ್ದರು. ತೀರಾ ಮುಪ್ಪಾದಾಗ ಒಂದೆರಡು ವರ್ಷ ಉಪವಾಸ ಬಿಟ್ಟು, ಪ್ರತಿ ದಿನಕ್ಕೆ ಒಬ್ಬ ಬಡವನಿಗೆ ರೊಟ್ಟಿ ಮತ್ತು ಮಾಂಸ ಉಣಿಸಿದರು. ಪ್ರವಾದಿ(ಸ)ರ ಮನೆಯಲ್ಲಿ ಬೆಳೆದ ಸಹಾಬಿಗೇ ಉಪವಾಸ ಬಿಡುವುದರಲ್ಲಿ ನಾಚಿಕೆ ಕಾಣಲಿಲ್ಲ. ನಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಬೇಕು. ಹೇಳುವಾಗ ನಿಮ್ಮಿಂದ ಆಗದು ಎಂಬ ಧಾಟಿಯಲ್ಲಿ ಹೇಳದೆ, ಅನಸ್(ರ) ನಡೆದ ದಾರಿ ಇದು ಎಂದು ಹೇಳಬೇಕು.

ಎಲ್ಲರಿಗೂ ಕಾಣುವಂತೆ ಎತ್ತಿದ ಪಾತ್ರೆ

ಹಿಜರಿ ಎಂಟನೆಯ ವರ್ಷದ ರಮಝಾನಿನಲ್ಲಿ ಪ್ರವಾದಿ(ಸ)ರು ಮಕ್ಕಾದತ್ತ ಹೊರಟರು. ಜೊತೆಗಿದ್ದವರೂ ಉಪವಾಸದಲ್ಲಿದ್ದರು. ಕುರಾಉಲ್ ಗಮೀಮ್ ಎಂಬ ಸ್ಥಳ ತಲುಪಿದಾಗ, ಜನರಿಗೆ ಉಪವಾಸ ಕಷ್ಟವಾಗುತ್ತಿದೆ, ಆದರೆ ತಾವು ಏನು ಮಾಡುತ್ತೀರೆಂದು ಅವರು ಕಾಯುತ್ತಿದ್ದಾರೆ ಎಂಬ ವಿಷಯ ಪ್ರವಾದಿ(ಸ)ರ ಕಿವಿಗೆ ಬಿತ್ತು. ಅಸರ್ ನಮಾಝಿನ ನಂತರ ಅವರು ಒಂದು ಪಾತ್ರೆ ನೀರು ತರಿಸಿದರು. ಜನರಿಗೆಲ್ಲ ಕಾಣುವಂತೆ ಅದನ್ನು ಎತ್ತಿ ಹಿಡಿದು ಕುಡಿದರು. ಆಮೇಲೂ ಕೆಲವರು ಉಪವಾಸ ಮುಂದುವರಿಸಿದ್ದಾರೆಂದು ತಿಳಿದಾಗ, ಅವರನ್ನು ಅವಿಧೇಯರೆಂದು ಕರೆದರು. ಜಾಬಿರ್(ರ) ಅವರ ಈ ವರದಿ ಮುಸ್ಲಿಮ್ ಗ್ರಂಥದಲ್ಲಿದೆ.

ಈ ಘಟನೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಪ್ರಯಾಣಿಕರಿಗೆ ರಿಯಾಯಿತಿ ಇದೆಯೆಂಬುದು ಆ ಜನರಿಗೆ ಆರು ವರ್ಷಗಳ ಹಿಂದೆಯೇ ಗೊತ್ತಿತ್ತು. ವಚನ ಬಾಯಿಪಾಠವಾಗಿತ್ತು. ಆದರೂ ಅದನ್ನು ಬಳಸುವ ಧೈರ್ಯ ಅವರಿಗಿರಲಿಲ್ಲ, ಏಕೆಂದರೆ ತಮ್ಮ ನಾಯಕರು ಉಪವಾಸದಲ್ಲಿದ್ದರು. ರಿಯಾಯಿತಿ ಕಾಗದದಲ್ಲಿದ್ದರೆ ಸಾಲದು, ಗೌರವಸ್ಥರೊಬ್ಬರು ಅದನ್ನು ಬಹಿರಂಗವಾಗಿ ಎತ್ತಿ ತೋರಿಸಬೇಕಾಗುತ್ತದೆ. ಮಸೀದಿಯ ಘೋಷಣೆ ಮಾಡಬೇಕಾದ ಕೆಲಸ ಇದೇ.

ಚಿನ್ನದ ಗಣಿಯ ಶ್ವಾಸಕೋಶಗಳು

ಈಗ ನಮ್ಮ ಊರಿಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕೋಲಾರ ಚಿನ್ನದ ಗಣಿಯ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಗಾಳಿಯನ್ನು ತಂಪು ಮಾಡಿ ಕೆಳಗೆ ಕಳುಹಿಸದೆ ಅಲ್ಲಿ ಮನುಷ್ಯರು ದುಡಿಯುವುದೇ ಸಾಧ್ಯವಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದರ ನಂತರ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳ ಜನ ದುಡಿಮೆಗಾಗಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರಲಾರಂಭಿಸಿದರು.

ಉಪವಾಸ ಹಿಡಿದವನು ಇಂಥ ಬಿಸಿಯಲ್ಲಿ ದುಡಿಯಬೇಕಾದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಫುಕಹಾಗಳು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ದಮಸ್ಕಸ್ಸಿನ ಹನಫಿ ವಿದ್ವಾಂಸ ಇಬ್ನು ಆಬಿದೀನ್ ತಮ್ಮ ರದ್ದುಲ್ ಮುಹ್ತಾರ್ ಗ್ರಂಥದಲ್ಲಿ ಒಲೆಯ ಮುಂದೆ ನಿಲ್ಲುವ ರೊಟ್ಟಿ ಸುಡುವವನ ಉದಾಹರಣೆಯನ್ನು ಚರ್ಚಿಸುತ್ತಾರೆ. ಉಪವಾಸವನ್ನೇ ಮುರಿಯುವಷ್ಟು ದಣಿಸುವ ಕೆಲಸವನ್ನು ಅವನು ಕಡಿಮೆ ಮಾಡಬೇಕು, ಅರ್ಧ ದಿನ ದುಡಿದು ಉಳಿದರ್ಧ ವಿಶ್ರಮಿಸಬೇಕು ಎಂಬುದು ಮೊದಲ ನಿಲುವು. ಆದರೆ ಆ ದಿನದ ಕೂಲಿಯಿಲ್ಲದೆ ಮನೆ ನಡೆಯದವನ ವಿಷಯ ಬೇರೆಯೆಂಬುದನ್ನೂ ಅವರು ಪರಿಗಣಿಸುತ್ತಾರೆ. ಅಂಥವನು ಸಹರಿ ಉಂಡು ನಿಯ್ಯತ್ತಿನೊಂದಿಗೆ ಉಪವಾಸ ಆರಂಭಿಸಬೇಕು. ಹಾನಿಯ ಭಯ ನಿಜವಾಗಿಯೂ ಎದುರಾದಾಗ ಉಪವಾಸ ಮುರಿದು, ಬೇರೆ ದಿನ ಕಝಾ ಮಾಡಬೇಕು. ದಣಿವಾದೀತು ಎಂಬ ಊಹೆಯಿಂದ ಮೊದಲೇ ಬಿಡುವುದು ಸರಿಯಲ್ಲ. ಇಂದು ಕಟ್ಟಡದ ಕೆಲಸಕ್ಕೆ ಹೋಗುವವರಿಗೂ ಇದೇ ಅಳತೆ.

ಗಣಿ ಮುಚ್ಚಿದರೂ ಅದು ಬಿಟ್ಟುಹೋದ ಕಾಯಿಲೆ ಮನೆಗಳಲ್ಲಿ ಉಳಿಯಿತು. ಕೋಲಾರದ ಚಿನ್ನ ಬೆಣಚುಕಲ್ಲಿನೊಳಗೆ ಸೇರಿಕೊಂಡಿತ್ತು. ಆ ಕಲ್ಲನ್ನು ಕೊರೆಯುವಾಗ ಏಳುವ ಸಣ್ಣ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಉಂಟುಮಾಡುತ್ತದೆ. ಶ್ವಾಸಕೋಶದಲ್ಲಿ ಗಾಯದ ಗಂಟುಗಳು ಕಟ್ಟುತ್ತವೆ. ಅವು ಮತ್ತೆ ಕರಗುವುದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು, ಕ್ಷಯ ಅಂಟುವ ಅಪಾಯವೂ ಹೆಚ್ಚು.

ಇಲ್ಲಿ ಫಿಕ್‌ಹ್ ಮಾಡುವ ಒಂದು ಮುಖ್ಯ ವಿಂಗಡಣೆಯನ್ನು ತಿಳಿದುಕೊಳ್ಳಬೇಕು. ಗುಣವಾಗುವ ನಿರೀಕ್ಷೆಯಿರುವ ರೋಗಿಯು ಗುಣವಾದ ಮೇಲೆ ಕಝಾ ಮಾಡಬೇಕು, ಅವನ ಪಾಲಿಗೆ ಫಿದ್ಯಾ ಇಲ್ಲ. ಗುಣವಾಗುವ ನಿರೀಕ್ಷೆಯಿಲ್ಲದ, ಮುಂದೆಂದೂ ಉಪವಾಸ ಹಿಡಿಯುವ ಶಕ್ತಿ ಬರಲಾರದ ರೋಗಿ ವೃದ್ಧನಂತೆಯೇ ಫಿದ್ಯಾ ಕೊಡಬೇಕು. ವಾರದ ಜ್ವರದಲ್ಲಿ ಮಲಗಿದ ಯುವಕ ಹಣ ಕೊಟ್ಟು ಮುಗಿಸುವಂತಿಲ್ಲ. ಸಿಲಿಕೋಸಿಸ್ ಮುಂದುವರಿದ ಅಜ್ಜನಿಗೆ ಮುಂದಿನ ಚಳಿಗಾಲದಲ್ಲಿ ಕಝಾ ಮಾಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ರೋಗವಿದೆ ಎಂಬ ಹೆಸರಷ್ಟೇ ರಿಯಾಯಿತಿಗೆ ಸಾಕಾಗುವುದಿಲ್ಲ. ಉಪವಾಸದಿಂದ ರೋಗ ಹೆಚ್ಚಾಗುತ್ತದೆ, ಗುಣವಾಗುವುದು ತಡವಾಗುತ್ತದೆ ಅಥವಾ ಜೀವಕ್ಕೆ ಹಾನಿಯಾಗುತ್ತದೆ ಎಂಬ ಪ್ರಬಲ ಭಾವನೆ ಇರಬೇಕು. ಅದು ಮೂರು ದಾರಿಗಳಿಂದ ಬರುತ್ತದೆ: ಹಿಂದೆ ಉಪವಾಸ ಹಿಡಿದಾಗ ಆದ ಸ್ವಂತ ಅನುಭವ, ಕಣ್ಣಿಗೆ ಕಾಣುವ ಲಕ್ಷಣ, ನಂಬಿಕಸ್ಥ ನುರಿತ ವೈದ್ಯರ ಮಾತು. ಕುಳಿತಲ್ಲೇ ಏದುಸಿರು ಬರುವುದು, ತುಟಿ ನೀಲಿಗಟ್ಟುವುದು ಅಂಥ ಲಕ್ಷಣಗಳು. ಹಗಲಿನಲ್ಲಿ ಇನ್‌ಹೇಲರ್ ಇಲ್ಲದೆ ಇರಲಾಗದವರ ವಿಷಯವೂ ಇಲ್ಲೇ ಬರುತ್ತದೆ. ನಮ್ಮ ದೇಶದ ಹೆಚ್ಚಿನ ಹನಫಿ ಮುಫ್ತಿಗಳ ಪ್ರಕಾರ ಇನ್‌ಹೇಲರ್ ಬಳಸಿದರೆ ಉಪವಾಸ ಮುರಿಯುತ್ತದೆ, ಮುರಿಯುವುದಿಲ್ಲ ಎನ್ನುವ ವಿದ್ವಾಂಸರೂ ಬೇರೆಡೆ ಇದ್ದಾರೆ. ಈ ಭಿನ್ನತೆ ಏನೇ ಇರಲಿ, ಉಸಿರು ಕಟ್ಟಿದಾಗ ಇಫ್ತಾರಿನವರೆಗೆ ತಡೆದುಕೊಳ್ಳುತ್ತೇನೆ ಎಂದು ಕೂರುವುದು ಯಾವ ಮದ್‌ಹಬ್‌ನ ಬೋಧನೆಯೂ ಅಲ್ಲ.

ಒಂದು ಮನೆಯ ಲೆಕ್ಕ

ಬಂಗಾರಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜ ನಿವೃತ್ತ ಗಣಿ ಕಾರ್ಮಿಕರು, ಸಿಲಿಕೋಸಿಸ್ ಇದೆ, ಉಪವಾಸ ಹಿಡಿಯಬೇಡಿ ಎಂದು ವೈದ್ಯರು ಖಚಿತವಾಗಿ ಹೇಳಿದ್ದಾರೆ. ಮಗ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ. ಸೊಸೆ ಏಳು ತಿಂಗಳ ಗರ್ಭಿಣಿ.

ಅಜ್ಜನ ಫಿದ್ಯಾ ಹನಫಿ ಲೆಕ್ಕದಲ್ಲಿ ದಿನಕ್ಕೆ ಅರ್ಧ ಸಾಅ್ ಗೋಧಿ. ನಮ್ಮಲ್ಲಿ ಎಚ್ಚರಿಕೆಗಾಗಿ ಅದನ್ನು 1.75 ಕೆಜಿ ಎಂದು ಹಿಡಿಯುವುದು ವಾಡಿಕೆ. ಮೂವತ್ತು ದಿನಗಳಿಗೆ 52.5 ಕೆಜಿಯಾಗುತ್ತದೆ. ಗೋಧಿಯ ಬೆಲೆ ಕೆಜಿಗೆ 40 ರೂಪಾಯಿ ಇದ್ದರೆ ದಿನಕ್ಕೆ 70 ರೂಪಾಯಿ, ತಿಂಗಳಿಗೆ 2,100 ರೂಪಾಯಿ. ಅಂಗಡಿಯ ಬೆಲೆ ಬದಲಾದಂತೆ ಈ ಮೊತ್ತವೂ ಬದಲಾಗುತ್ತದೆ, ಆದ್ದರಿಂದ ಕಳೆದ ವರ್ಷದ ಸಂಖ್ಯೆಯನ್ನೇ ಹೇಳಬಾರದು. ಅಕ್ಕಿ ಅಥವಾ ರಾಗಿ ಕೊಡುವುದಾದರೆ ಹನಫಿಗಳು ಆ ಗೋಧಿಯ ಬೆಲೆಗೆ ಸಮನಾಗಿ ಕೊಡಬೇಕು. ಶಾಫಿ ಮದ್‌ಹಬ್‌ನಲ್ಲಿ ಊರಿನ ಮುಖ್ಯ ಆಹಾರಧಾನ್ಯದ ಒಂದು ಮುದ್ದ್, ಅಂದರೆ ಸುಮಾರು 650 ಗ್ರಾಂ. ಹನಫಿಗಳು ರಮಝಾನ್ ಆರಂಭವಾದ ಮೇಲೆ ಇಡೀ ತಿಂಗಳಿನದನ್ನು ಒಮ್ಮೆಗೇ ಕೊಡಬಹುದು. ರಮಝಾನಿಗೆ ಮೊದಲೇ ಕೊಟ್ಟರೆ ಅದು ಸಲ್ಲುವುದಿಲ್ಲ. ಅಲ್ಲಾಹನ ಕೃಪೆಯಿಂದ ಅಜ್ಜನಿಗೆ ಮುಂದೆ ಶಕ್ತಿ ಮರಳಿದರೆ, ಹನಫಿ ಪ್ರಕಾರ ಕೊಟ್ಟದ್ದು ದಾನವಾಗಿ ಉಳಿಯುತ್ತದೆ, ಉಪವಾಸಗಳ ಕಝಾ ಬಾಕಿಯಾಗುತ್ತದೆ. ಅಜ್ಜನೇ ಬಡವರಾಗಿದ್ದು ಕೊಡಲು ಏನೂ ಇಲ್ಲದಿದ್ದರೆ, ಕ್ಷಮೆ ಬೇಡಿಕೊಂಡರೆ ಸಾಕು. ಅದಕ್ಕಾಗಿ ಸಾಲ ಮಾಡಬೇಕಿಲ್ಲ.

ಮಗನ ವಿಷಯ ಚುಟುಕಾಗಿ ಹೇಳಬಹುದು. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲುದಾರಿ ಸುಮಾರು 70 ಕಿಲೋಮೀಟರ್. ಹನಫಿ ವಿದ್ವಾಂಸರು ಸಫರ್‌ಗೆ ಹಿಡಿಯುವ ದೂರ ಸುಮಾರು 77 ಕಿಲೋಮೀಟರ್. ಆದ್ದರಿಂದ ಅವನು ಪ್ರಯಾಣಿಕನ ಲೆಕ್ಕಕ್ಕೆ ಬರುವುದಿಲ್ಲ, ಉಪವಾಸ ಹಿಡಿಯಬೇಕು.

ಸೊಸೆಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಕಅಬ್ ವಂಶದ ಅನಸ್ ಬಿನ್ ಮಾಲಿಕ್(ರ) ಎಂಬವರು, ಮೇಲೆ ಹೇಳಿದ ಅನಸ್ ಅಲ್ಲ, ಒಮ್ಮೆ ಪ್ರವಾದಿ(ಸ)ರ ಬಳಿ ಬಂದರು. ಪ್ರವಾದಿ(ಸ)ರು ಊಟ ಮಾಡುತ್ತಿದ್ದು ಅವರನ್ನೂ ಕರೆದರು. ತಾನು ಉಪವಾಸದಲ್ಲಿದ್ದೇನೆ ಎಂದರು ಅವರು. ಆಗ ಪ್ರವಾದಿ(ಸ)ರು ಅವರನ್ನು ಕೂರಿಸಿ, ಪ್ರಯಾಣಿಕನಿಂದ ಅರ್ಧ ನಮಾಝನ್ನೂ, ಪ್ರಯಾಣಿಕ, ಗರ್ಭಿಣಿ ಹಾಗೂ ಹಾಲುಣಿಸುವ ತಾಯಿಯಿಂದ ಉಪವಾಸವನ್ನೂ ಅಲ್ಲಾಹನು ಸಡಿಲಿಸಿದ್ದಾನೆಂದು ತಿಳಿಸಿದರು. ತಿರ್ಮಿದಿ, ಅಬೂದಾವೂದ್ ಮುಂತಾದ ಗ್ರಂಥಗಳಲ್ಲಿರುವ ಈ ವರದಿಯೇ ಗರ್ಭಿಣಿಯ ರಿಯಾಯಿತಿಯ ಸ್ಪಷ್ಟ ಆಧಾರ.

ಆಕೆಗೆ ತನ್ನ ಅಥವಾ ಮಗುವಿನ ಬಗ್ಗೆ ಭಯವಿದ್ದರೆ ಉಪವಾಸ ಬಿಡಬಹುದು. ಹನಫಿ ಪ್ರಕಾರ ಮುಂದೆ ಕಝಾ ಮಾತ್ರ, ಫಿದ್ಯಾ ಇಲ್ಲ. ಶಾಫಿ ಪ್ರಕಾರ ತನ್ನ ಆರೋಗ್ಯಕ್ಕಾಗಿ ಬಿಟ್ಟರೆ ಕಝಾ ಮಾತ್ರ, ಕೇವಲ ಮಗುವಿಗಾಗಿ ಬಿಟ್ಟರೆ ಕಝಾ ಮತ್ತು ಫಿದ್ಯಾ ಎರಡೂ. ಉರ್ದು ಮಾತನಾಡುವ ಮನೆಗಳೂ ತಮಿಳು ಮಾತನಾಡುವ ಮನೆಗಳೂ ಒಂದೇ ಬೀದಿಯಲ್ಲಿರುವ ನಮ್ಮ ಕಡೆ, ಒಂದು ಮನೆಗೆ ಹೇಳಿದ್ದನ್ನು ಪಕ್ಕದ ಮನೆಗೆ ಹೇಳುವ ಮೊದಲು ಅವರ ಮದ್‌ಹಬ್ ಯಾವುದೆಂದು ಕೇಳುವುದು ಒಳ್ಳೆಯದು.

ಆರೋಗ್ಯವಾಗಿರುವ ಗರ್ಭಿಣಿ ವೈದ್ಯರ ಒಪ್ಪಿಗೆಯಿಂದ ಉಪವಾಸ ಹಿಡಿದರೂ, ನಡುವೆ ಅಪಾಯದ ಸೂಚನೆ ಕಂಡರೆ ಆ ಕ್ಷಣವೇ ಮುರಿಯಬೇಕು. ಮಗುವಿನ ಮಿಸುಕಾಟ ಕಡಿಮೆಯಾಗುವುದು, ತಲೆ ಸುತ್ತಿ ಕಣ್ಣು ಕತ್ತಲೆಗಟ್ಟುವುದು, ಹೊಟ್ಟೆ ಬಿಗಿದು ನೋವು ಬರುವುದು, ರಕ್ತ ಕಾಣುವುದು ಅಂಥ ಸೂಚನೆಗಳು. ಉಪವಾಸ ಮುರಿದು ಸುಮ್ಮನೆ ಮಲಗದೆ ಆಸ್ಪತ್ರೆಗೂ ಹೋಗಬೇಕು. ನಮ್ಮಲ್ಲಿ ಉಪವಾಸದ ಕಾಲ ಪ್ರಭಾತದಿಂದ ಸೂರ್ಯಾಸ್ತದವರೆಗೆ ಸುಮಾರು ಹದಿಮೂರು ಗಂಟೆ. ಮೂರು ಗಂಟೆಗೆ ಕಂಡ ಸೂಚನೆಯನ್ನು ಆರೂವರೆಯವರೆಗೆ ಸಹಿಸಿಕೊಂಡರೆ ಪುಣ್ಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕುರಾಉಲ್ ಗಮೀಮ್‌ನಲ್ಲಿ ನೀರು ಕುಡಿದದ್ದೂ ಅಸರ್‌ನ ನಂತರವೇ, ಸೂರ್ಯಾಸ್ತಕ್ಕೆ ಸ್ವಲ್ಪವೇ ಮೊದಲು.

ಹೆರಿಗೆಯ ನಂತರದ ರಕ್ತಸ್ರಾವದ ದಿನಗಳಲ್ಲಿ ಉಪವಾಸ ಸಲ್ಲದು, ಆಮೇಲೆ ಹಾಲುಣಿಸುವ ಕಾಲ. ಹೀಗೆ ಎರಡು ಮೂರು ರಮಝಾನ್‌ಗಳ ಕಝಾ ಸೇರಿದ ತಾಯಂದಿರು ಎದೆಗುಂದಬೇಕಿಲ್ಲ. ಬಿಟ್ಟ ದಿನಗಳನ್ನು ಬರೆದಿಟ್ಟುಕೊಂಡು, ವಾರಕ್ಕೊಂದೆರಡರಂತೆ ಹಿಡಿದರೂ ಸಾಕು. ಹನಫಿ ಪ್ರಕಾರ ತಡವಾದುದಕ್ಕೆ ಬೇರೆ ದಂಡವಿಲ್ಲ. ಮನೆಯವರು ಮಾಡಬೇಕಾದದ್ದು, ಆಕೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕದ್ದು ಉಣ್ಣುವ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು. ಅತ್ತೆಯೇ ತಟ್ಟೆ ಹಾಕಿ ಕೊಟ್ಟರೆ, ಪಾತ್ರೆಯನ್ನು ಎತ್ತಿ ತೋರಿಸಿದ ಸುನ್ನತ್ತು ಆ ಮನೆಯಲ್ಲಿ ಜೀವಂತವಾಗುತ್ತದೆ.

2020ರ ರಮಝಾನ್

ರಿಯಾಯಿತಿಯನ್ನು ಘೋಷಣೆಯ ಮುನ್ನೆಲೆಗೆ ತರಬೇಕಾದ ಅನಿವಾರ್ಯತೆ ನಮ್ಮ ರಾಜ್ಯಕ್ಕೆ ಇತ್ತೀಚೆಗೆ ಬಂದದ್ದು ಕೊರೋನಾ ಕಾಲದಲ್ಲಿ. ಆ ವರ್ಷ ಕರಾವಳಿಯಲ್ಲಿ ಏಪ್ರಿಲ್ 24ರಂದು, ನಮ್ಮ ಕಡೆ ಏಪ್ರಿಲ್ 25ರಂದು ಮೊದಲ ಉಪವಾಸ. ದೇಶವೆಲ್ಲ ಲಾಕ್‌ಡೌನ್‌ನಲ್ಲಿತ್ತು. ತರಾವೀಹ್ ಮನೆಗಳಲ್ಲೇ ನಡೆಯಲಿ, ಸಾಮೂಹಿಕ ಇಫ್ತಾರ್ ಬೇಡ ಎಂದು ವಕ್ಫ್ ಮಂಡಳಿ ಸೂಚಿಸಿತು, ಉಲಮಾಗಳೂ ಅದನ್ನೇ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್ 15ರಂದೇ ರಮಝಾನಿಗಾಗಿ ಸಲಹೆಗಳನ್ನು ಪ್ರಕಟಿಸಿತ್ತು. ಆರೋಗ್ಯವಂತರು ಉಪವಾಸ ಹಿಡಿಯಬಹುದು, ಸೋಂಕಿತರು ವೈದ್ಯರೊಡನೆ ಚರ್ಚಿಸಿ ಧಾರ್ಮಿಕ ರಿಯಾಯಿತಿಯನ್ನು ಪರಿಗಣಿಸಬಹುದು ಎಂಬುದು ಅದರ ಆಶಯವಾಗಿತ್ತು. ವೈದ್ಯರು ಹೊಸದಾಗಿ ಹೇಳಿದ ಆ ಮಾತು ಸೂರಾ ಅಲ್ ಬಕರದಲ್ಲಿ ಮೊದಲೇ ಇತ್ತು. ಸಾಂಕ್ರಾಮಿಕ ಹೋದ ಮೇಲೆ ಆ ಸಾಲು ನಮ್ಮ ಘೋಷಣೆಗಳಿಂದ ಮತ್ತೆ ಮರೆಯಾಗಬಾರದು.

ಘೋಷಣೆ ಹೇಗಿರಬಹುದು

ಚಂದ್ರದರ್ಶನದ ರಾತ್ರಿಯ ಪ್ರಕಟಣೆಗೆ ಎರಡು ನಿಮಿಷ ಹೆಚ್ಚು ಸೇರಿಸಿದರೆ ಸಾಕು. ಅದಕ್ಕಿಂತ ಮೊದಲು ಶಅಬಾನಿನ ಒಂದು ಜುಮುಆದಲ್ಲಿ, ಮಧುಮೇಹದಂಥ ದೀರ್ಘ ಕಾಯಿಲೆ ಇರುವವರು ರಮಝಾನಿಗೆ ಮುನ್ನವೇ ವೈದ್ಯರನ್ನು ಕಾಣಬೇಕೆಂದು ತಿಳಿಸಬೇಕು. ಔಷಧಿಯ ಹೊತ್ತನ್ನು ಬದಲಿಸುವುದು ಚಂದ್ರ ಕಂಡ ರಾತ್ರಿ ಮಾಡುವ ಕೆಲಸವಲ್ಲ. ರಾತ್ರಿಯ ಪ್ರಕಟಣೆ ಹೀಗಿರಬಹುದು:

ಮೊಹಲ್ಲಾದ ಹಿರಿಯರೇ, ತಾಯಂದಿರೇ, ಸಹೋದರ ಸಹೋದರಿಯರೇ, ಅಸ್ಸಲಾಮು ಅಲೈಕುಮ್. ಚಂದ್ರದರ್ಶನವಾಗಿದೆ. ಇನ್ಶಾ ಅಲ್ಲಾಹ್ ನಾಳೆ ಮೊದಲ ಉಪವಾಸ. ಆರೋಗ್ಯವಂತರಾದ ವಯಸ್ಕರೆಲ್ಲರ ಮೇಲೆ ಉಪವಾಸ ಕಡ್ಡಾಯ. ಕಾಯಿಲೆಯಿರುವವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಹಾನಿಯ ಭಯವಿದ್ದರೆ ಉಪವಾಸ ಬಿಟ್ಟು, ಮುಂದೆ ಶಕ್ತಿ ಬಂದಾಗ ಪೂರ್ತಿಗೊಳಿಸಲು ಅಲ್ಲಾಹನೇ ಅವಕಾಶ ಕೊಟ್ಟಿದ್ದಾನೆ. ಉಪವಾಸ ಹಿಡಿಯಲಾಗದಷ್ಟು ವಯಸ್ಸಾದವರು ಮತ್ತು ಗುಣವಾಗದ ಕಾಯಿಲೆಯಿಂದ ಮುಂದೆಂದೂ ಉಪವಾಸ ಹಿಡಿಯಲಾಗದವರು ಫಿದ್ಯಾ ಕೊಟ್ಟರೆ ಸಾಕು. ಈ ವರ್ಷದ ಮೊತ್ತವನ್ನು ಸೂಚನಾ ಫಲಕದಲ್ಲಿ ಹಾಕಲಾಗಿದೆ. ಈ ಅವಕಾಶವನ್ನು ಬಳಸಿಕೊಳ್ಳುವವರು ಸಂಕೋಚಪಡಬೇಕಿಲ್ಲ. ಬಳಸಿಕೊಳ್ಳುವವರನ್ನು ಯಾರೂ ಪ್ರಶ್ನಿಸಬಾರದು. ಸಂದೇಹವಿದ್ದವರು ಇಮಾಮರನ್ನು ಕಾಣಬಹುದು. ಸಹೋದರಿಯರು ಮನೆಯವರ ಮೂಲಕ ಅಥವಾ ಫೋನಿನಲ್ಲಿ ಕೇಳಬಹುದು.

ಇದರಲ್ಲಿ ಆದೇಶವನ್ನು ಸಡಿಲಿಸಿದ ಒಂದು ಪದವೂ ಇಲ್ಲ. ಆರೋಗ್ಯವಂತನಿಗೆ ನೆಪ ಸಿಗುವುದಿಲ್ಲ, ಏಕೆಂದರೆ ಕಡ್ಡಾಯವೆಂಬ ಮಾತು ಮೊದಲೇ ಬಂದಿದೆ. ರೋಗಿಗೆ ಗೋಜಲೂ ಉಳಿಯುವುದಿಲ್ಲ, ಕಝಾ ಯಾರಿಗೆ, ಫಿದ್ಯಾ ಯಾರಿಗೆ ಎಂಬುದು ಬೇರ್ಪಟ್ಟಿದೆ. 183 ಮತ್ತು 184ನೆಯ ವಚನಗಳು ಯಾವ ಕ್ರಮದಲ್ಲಿ ಬಂದಿವೆಯೋ ಘೋಷಣೆಯೂ ಅದೇ ಕ್ರಮದಲ್ಲಿದೆ.

ಅಲ್ಲಾಹನು ನಮ್ಮ ಉಪವಾಸಗಳನ್ನೂ, ಉಪವಾಸ ಹಿಡಿಯಲಾಗದವರ ಫಿದ್ಯಾ ಮತ್ತು ಹಂಬಲವನ್ನೂ ಸ್ವೀಕರಿಸಲಿ. ನಮ್ಮ ರೋಗಿಗಳಿಗೆ ಶಿಫಾ ನೀಡಲಿ, ಗಣಿಯ ಆಳದಲ್ಲಿ ದುಡಿದು ದಣಿದ ಹಿರಿಯರ ಉಸಿರನ್ನು ಹಗುರಗೊಳಿಸಲಿ, ಹುಟ್ಟಲಿರುವ ಮಕ್ಕಳನ್ನು ಕಾಪಾಡಲಿ. ಆಮೀನ್.